ದ್ರಾಕ್ಷಿ ರಫ್ತಿನ ಸಸ್ಯ ಆರೋಗ್ಯ ಪ್ರಮಾಣಪತ್ರ: ನಮೂದುಗಳ ವಿವರಣೆ

ಮಾನ್ಯ ನಿರ್ದೇಶಕರೇ,

ವಿಜಯಪುರದಿಂದ ರಾಟರ್‌ಡ್ಯಾಮ್‌ಗೆ ಹೊರಡಲಿರುವ ನಿಮ್ಮ ದ್ರಾಕ್ಷಿಗೆ ಸಂಬಂಧಿಸಿ, ರಫ್ತುದಾರರ ಅಂಕಣದಲ್ಲಿ ಕಂಪನಿಯ ಹೆಸರು, ವಿಳಾಸಗಳು ಇನ್‌ವಾಯ್ಸ್‌ನಲ್ಲಿರುವಂತೆಯೇ ಇರಬೇಕು. ಸಸ್ಯಶಾಸ್ತ್ರೀಯ ಹೆಸರನ್ನು Vitis vinifera ಎಂದೂ, ಪ್ರಮಾಣವನ್ನು ತಲಾ 5 ಕೆ.ಜಿ.ಯ 2,600 ಪೆಟ್ಟಿಗೆ, ಒಟ್ಟು 13,000 ಕೆ.ಜಿ. ಎಂದೂ ನಮೂದಿಸಿರಿ. ಮೂಲಸ್ಥಳವೆಂದರೆ ಹಣ್ಣು ಬೆಳೆದ ಜಾಗವೇ ಹೊರತು ಹಡಗೇರುವ ನ್ಹಾವಾ ಶೇವಾ ಬಂದರಲ್ಲ. ರಾಟರ್‌ಡ್ಯಾಮ್ ಪ್ರವೇಶಸ್ಥಳದ ಅಂಕಣಕ್ಕೆ ಸೇರುತ್ತದೆ.

ಹೆಚ್ಚುವರಿ ಘೋಷಣೆಯ ಅಂಕಣವನ್ನು ವಿಶೇಷ ಎಚ್ಚರದಿಂದ ನೋಡಿರಿ: ಆಮದು ದೇಶವು ನಿರ್ದಿಷ್ಟ ಕೀಟ ಅಥವಾ ರೋಗದ ಕುರಿತು ಕೇಳಿರುವ ಮಾತುಗಳನ್ನು, ತಪಾಸಣೆಯಿಂದ ದೃಢಪಟ್ಟ ನಂತರವೇ, ಸಸ್ಯ ಸಂಗರೋಧ ಅಧಿಕಾರಿ ಅಲ್ಲಿ ದಾಖಲಿಸುತ್ತಾರೆ. ಪೆಟ್ಟಿಗೆಯೊಳಗಿನ ಗಂಧಕದ ಹಾಳೆ ಹಣ್ಣು ಕೊಳೆಯದಂತೆ ತಡೆಯುವುದಕ್ಕಷ್ಟೇ ಇರುವುದರಿಂದ, ಅದನ್ನು ಕೀಟನಿವಾರಣಾ ಉಪಚಾರವೆಂದು ತೋರಿಸಬಾರದು. ಪ್ರಮಾಣೀಕರಿಸದ ತಿದ್ದುಪಡಿ ಪ್ರಮಾಣಪತ್ರವನ್ನೇ ಅಸಿಂಧುಗೊಳಿಸೀತು. ದಯವಿಟ್ಟು ಕೈಬರಹದಿಂದ ಏನನ್ನೂ ತಿದ್ದಬೇಡಿರಿ.