ಉಳಿಕೆ

ಸಮೀಕ್ಷೆಗೆ ಬಂದ ನಗರಸಭೆಯ ಹುಡುಗ ಟ್ಯಾಬ್ ಹಿಡಿದುಕೊಂಡೇ ಕೇಳಿದ್ದ: “ಯಜಮಾನ್ರ, ಇಲ್ಲೇ ಚಾ ಮಾರ್ತೀರಿ ಅನ್ನೋದಕ್ಕ ಹಳೇ ಕಾಗದ ಏನಾರ ಐತೇನ್ರಿ?” ಬಸವರಾಜನ ಬಳಿ ಇದ್ದದ್ದು ಒಂದೇ ಬಗೆಯ ಕಾಗದ. ಹಾಲಿನ ಬೂತಿನ ಚೀಟಿ, ಕಿರಾಣಿ ಅಂಗಡಿಯ ಬಿಲ್ಲು, ಸೀಮೆಎಣ್ಣೆಯ ರಸೀದಿ, ಜೊತೆಗೆ ರಾತ್ರಿ ಗಾಡಿ ಮುಚ್ಚುವಾಗ ಸಿಗರೇಟು ಪ್ಯಾಕಿನ ಒಳಹಾಳೆಯ ಮೇಲೆ ಅವನೇ ಗೀಚುತ್ತಿದ್ದ ಗಲ್ಲಾ ಲೆಕ್ಕ. ಎಲ್ಲವೂ ಸಕ್ಕರೆಯ ಎರಡು ಖಾಲಿ ಚೀಲಗಳಲ್ಲಿ ಅಟ್ಟದ ಮೇಲಿದ್ದವು.

ಗಿರಿಜಾ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ಬೇರೆಯವರ ಚೀಟಿಗಳನ್ನು ವರ್ಷಗಟ್ಟಲೆ ಜೋಡಿಸಿದ ಕೈ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಅವಳು ಪೂರ್ತಿ ಓದಿದ್ದಳು. ಸಮೀಕ್ಷೆಯಲ್ಲಿ ಹೆಸರು ಸೇರಿ ಪ್ರಮಾಣಪತ್ರ ಕೈಗೆ ಬಂದರೆ ಅಪ್ಪನನ್ನು ಸುಮ್ಮನೆ ಬಂದು ಎಬ್ಬಿಸುವಂತಿಲ್ಲ. ಅದಕ್ಕೇ ಎರಡು ಭಾನುವಾರ ಹಾಲ್‌ನಲ್ಲಿ ಚಾಪೆ ಹಾಸಿ, ಫ್ಯಾನ್ ಬಂದ್ ಮಾಡಿ, ಚೀಟಿಗಳನ್ನು ತಿಂಗಳುವಾರು ಗುಡ್ಡೆ ಹಾಕಿದಳು. ಹಾಲಿನ ಚೀಟಿಗಳ ಶಾಯಿ ಹಾರಿಹೋಗಿತ್ತು. ಮೊಬೈಲ್ ಟಾರ್ಚನ್ನು ಅಡ್ಡ ಹಿಡಿದರೆ ಮಾತ್ರ ಅಂಕಿಗಳು ಕಾಣುತ್ತಿದ್ದವು. ಕೆಲವಕ್ಕೆ ಚಹಾದ ವೃತ್ತಾಕಾರದ ಕಲೆ, ಕೆಲವಕ್ಕೆ ಬೆಲ್ಲದ ಅಂಟು.

ಚೀಟಿಗಳೇ ಊರಿನ ಕಥೆ ಹೇಳುತ್ತಿದ್ದವು. 2016ರ ನವೆಂಬರ್ 8ರ ನಂತರ ಎರಡು ವಾರ ಗಲ್ಲಾದ ಮೊತ್ತಕ್ಕಿಂತ ಉದ್ರಿಯ ಮೊತ್ತವೇ ದೊಡ್ಡದು. ಐದು ರೂಪಾಯಿಯ ಚಹಾಕ್ಕೆ ಐನೂರರ ಹಳೇ ನೋಟು ಹಿಡಿದು ನಿಂತವರ ಹೆಸರುಗಳು ಸಾಲಾಗಿದ್ದವು. 2020ರ ಮಾರ್ಚ್ 24 ಬಂದಾಗ ಗುಡ್ಡೆ ಅಲ್ಲಿಗೇ ನಿಂತಿತ್ತು. ಮುಂದಿನ ಚೀಟಿ ಜೂನಿನದು, ಅದರಲ್ಲಿ ಹಾಲು ಬರೀ ಎರಡು ಲೀಟರು.

ಅವಳು ಎಲ್ಲವನ್ನೂ ಲ್ಯಾಪ್‌ಟಾಪಿನ ಶೀಟಿಗೆ ಏರಿಸಿದಳು. ತಾರೀಖು, ಹಾಲು, ಪುಡಿ, ಗಲ್ಲಾ, ಖರ್ಚು, ಉಳಿಕೆ. ಚಹಾದ ಲೆಕ್ಕ ಸುಳ್ಳು ಹೇಳುವುದಿಲ್ಲ. ಅಪ್ಪ ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಹಾಕುತ್ತಿದ್ದ. ಕುದ್ದು ಇಳಿದು, ಸೋಸಿದ ಮೇಲೆ ಸಣ್ಣ ಗ್ಲಾಸಿನಲ್ಲಿ ಹದಿನಾಲ್ಕು ಚಹಾ. ಎಂಟು ಲೀಟರ್ ತಂದ ದಿನ ನೂರಹತ್ತರ ಆಸುಪಾಸು ಗ್ಲಾಸು ಹೋಗಲೇಬೇಕು, ಗಲ್ಲಾದಲ್ಲಿ ಅಷ್ಟಕ್ಕೆ ತಕ್ಕ ಹಣ ಬೀಳಲೇಬೇಕು. ಹತ್ತಿಪ್ಪತ್ತು ಹೆಚ್ಚುಕಡಿಮೆ ಬಿಟ್ಟರೆ ಬೀಳುತ್ತಲೂ ಇತ್ತು. ಹಾಲಿನ ಸಾಲು ನೋಡಿದರೆ ಗಲ್ಲಾ ಎಷ್ಟೆಂದು ಊಹಿಸಬಹುದಿತ್ತು. ಹೆಚ್ಚು ಓದದ ಮನುಷ್ಯ ಇಷ್ಟು ಅಚ್ಚುಕಟ್ಟಾಗಿ ವ್ಯಾಪಾರ ಮಾಡಿದ್ದಾನೆ ಎಂಬ ಹೆಮ್ಮೆಯಲ್ಲೇ ಅವಳು 2012ರ ಅಕ್ಟೋಬರಿಗೆ ಬಂದಳು.

ಅಲ್ಲಿ ಹಾಲು ನಿಂತುಹೋಗಿತ್ತು.

ಕೊನೆಯ ಹಾಲಿನ ಚೀಟಿ ಅಕ್ಟೋಬರ್ 16ರದು. ಮುಂದಿನದು 2013ರ ಫೆಬ್ರವರಿ 4ರದು. ನಡುವೆ ಪುಡಿ, ಸಕ್ಕರೆ, ಸೀಮೆಎಣ್ಣೆ ಯಾವುದರ ರಸೀದಿಯೂ ಇಲ್ಲ. ಆದರೆ ಗಲ್ಲಾ ಚೀಟಿಗಳು ಮಾತ್ರ ಎರಡು ದಿನ ಬಿಟ್ಟು ಮತ್ತೆ ಶುರುವಾಗಿ ದಿನವೂ ಇದ್ದವು. ಅಪ್ಪನದೇ ಕೈಬರಹ, ಒಂದಕ್ಕೆ ತಲೆಯ ಮೇಲೆ ಗೀಟು ಎಳೆಯುವ ಅದೇ ಅಭ್ಯಾಸ. ಹಾಲೇ ಇಲ್ಲದೆ ಚಹಾ ಮಾರಿದ್ದು ಹೇಗೆ?

ಚೀಟಿ ಕಳೆದಿರಬಹುದು, ಇಲಿ ತಿಂದಿರಬಹುದು ಅಂದುಕೊಂಡಳು. ಆದರೆ ಖರ್ಚಿನ ಸಾಲು ವಿಚಿತ್ರವಾಗಿತ್ತು. ಉಳಿದ ತಿಂಗಳುಗಳಲ್ಲಿ ಖರ್ಚು ದಿನಕ್ಕೊಂದು ತರಹ: 418, 392, 407. ಈ ತಿಂಗಳುಗಳಲ್ಲಿ ಎಲ್ಲಾ ದಿನವೂ 340. ಗಲ್ಲಾ 550, ಖರ್ಚು 340, ಉಳಿಕೆ 210. ಗಲ್ಲಾ 585, ಖರ್ಚು 340, ಉಳಿಕೆ 245. ಅಪ್ಪ ಮೊದಲು ಉಳಿಕೆ ಬರೆದುಕೊಂಡು, ಅದಕ್ಕೆ 340 ಕೂಡಿಸಿ ಗಲ್ಲಾ ಬರೆದಂತಿತ್ತು. ಆಫೀಸಿನಲ್ಲಿ ಇಂಥದ್ದು ಕಂಡರೆ ಅವಳು ಪೆನ್ಸಿಲಿನಿಂದ ಪಕ್ಕದಲ್ಲೊಂದು ಗುರುತು ಹಾಕಿ ಸೀನಿಯರ್ ಮುಂದೆ ಇಡುತ್ತಿದ್ದಳು. ಇಲ್ಲಿ ಪೆನ್ಸಿಲ್ ಎತ್ತಲು ಕೈ ಬರಲಿಲ್ಲ.

ಅಕ್ಟೋಬರ್ 29ರ ಸೋಮವಾರದಿಂದ ಉಳಿಕೆಯನ್ನು ಗಟ್ಟಿಯಾಗಿ ಓದಿದಳು. ಇನ್ನೂರ ಹತ್ತು. ಇನ್ನೂರ ನಲವತ್ತೈದು. ನೂರ ಎಂಬತ್ತೊಂಬತ್ತು. ಇನ್ನೂರ ಎಂಬತ್ತು. ಇನ್ನೂರ ಇಪ್ಪತ್ನಾಲ್ಕು. ಬಾಯಿಗೆ ಮಗ್ಗಿಯ ಲಯ ಬಂತು. ಏಳರ ಮಗ್ಗಿ. ಖಾಲಿ ಕಾಲಮ್ಮಿನಲ್ಲಿ ಬರೆದಳು:

```
=MOD(F2,7)
```

ಕೆಳಗೆ ಎಳೆದಳು. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಆಮೇಲೆ ಎರಡು ಸಾಲು ತಪ್ಪಿತು, ಮತ್ತೆ ಐದು ಸೊನ್ನೆ. ಮತ್ತೆ ಎರಡು ತಪ್ಪು, ಮತ್ತೆ ಸೊನ್ನೆಗಳು. ಅದೇ ಸೂತ್ರವನ್ನು ಸೆಪ್ಟೆಂಬರಿಗೂ ಮಾರ್ಚಿಗೂ ಹಾಕಿ ನೋಡಿದಳು. ಅಲ್ಲಿ ಒಂದರಿಂದ ಆರರವರೆಗೆ ಎಲ್ಲಾ ಶೇಷಗಳೂ ಚೆಲ್ಲಾಪಿಲ್ಲಿ, ಸೊನ್ನೆ ಎಲ್ಲೋ ಏಳು ದಿನಕ್ಕೊಮ್ಮೆ. ಲೆಕ್ಕದ ಪ್ರಕಾರ ಇರಬೇಕಾದದ್ದೂ ಅಷ್ಟೇ.

ತಪ್ಪಿದ ಸಾಲುಗಳೆಲ್ಲ ಶನಿವಾರ, ಭಾನುವಾರದವು. ನವೆಂಬರ್ 3, ಶನಿವಾರ 163. ಮರುದಿನ 117. ಮುಂದಿನ ವಾರ 171 ಮತ್ತು 95. ಅದರ ಮುಂದೆ 158 ಮತ್ತು 129. ಬಿಡಿಬಿಡಿಯಾಗಿ ಯಾವುದೂ ಏಳರಿಂದ ಹೋಗುತ್ತಿರಲಿಲ್ಲ. ಅವಳು ಎದ್ದು ನೀರು ಕುಡಿದು ಬಂದಳು. ಬಂದು, ಎರಡನ್ನೂ ಕೂಡಿಸಿದಳು. 280. 266. 287. ಏಳು ನಲವತ್ತಲ, ಏಳು ಮೂವತ್ತೆಂಟಲ, ಏಳು ನಲವತ್ತೊಂದಲ.

ಶನಿವಾರದ ಹಣವನ್ನು ಯಾರೋ ಎರಡು ದಿನಕ್ಕೆ ಹಂಚಿದ್ದರು. ಭಾನುವಾರ ರಜೆ ಇರುವ ಕೆಲಸ ಅದು. ಚಹಾದಂಗಡಿಗೆ ಭಾನುವಾರ ರಜೆ ಇರಲಿಲ್ಲ. ಆದ್ದರಿಂದ ಭಾನುವಾರದ ಚೀಟಿಯೂ ಖಾಲಿ ಇರುವಂತಿರಲಿಲ್ಲ.

ಅಕ್ಟೋಬರಿನಿಂದ ಜನವರಿ. ಊರಿನ ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳ ಬಂದು ಬೀಳುವ ಕಾಲ.

ಬಸವರಾಜ ರಾತ್ರಿ ಒಂಬತ್ತಕ್ಕೆ ಬಂದು ಕೈಕಾಲು ತೊಳೆದು ಕೂತ. ಗಿರಿಜಾ ಚೀಟಿಗಳನ್ನು ಅವನ ಮುಂದಿಡಲಿಲ್ಲ. ಊಟ ಬಡಿಸುತ್ತಾ ಕೇಳಿದಳು.

“ಅಪ್ಪಾ, ಒಂದ್ ಚೀಲಕ್ಕ ಏಳು ರೂಪಾಯಿ ಕೊಡತಿದ್ರೇನು?”

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಅವನು ಒಳಗೆ ಒಲೆಯ ಕಡೆ ನೋಡಿದ. ಅವ್ವ ತಿರುಗಿ ನೋಡದೆಯೇ ಅಂದಳು: “ಹೇಳ್ರಿ ಇನ್. ಅಕಿಗೆ ಲೆಕ್ಕ ಸಿಕ್ಕೈತಿ.”

“ಗಾಡಿಯಿಂದ ಇಳಿಸಿ, ತೂಕಕ್ಕ ಇಟ್ಟು, ಮತ್ತ ಲಾರಿಗೆ ಹೇರಿದ್ರ ಏಳು” ಎಂದ ಬಸವರಾಜ. “ಇಳಸೂದು ಅಷ್ಟ ಆದ್ರ ಮೂರು. ನಾ ಮೂರರ ಕೆಲಸ ಹಿಡೀಲಿಲ್ಲ. ಏಳರದ್ದ ಹಿಡದೆ.”

ರಸ್ತೆ ಅಗಲ ಮಾಡುವಾಗ ಗಾಡಿ ಎತ್ತಿಕೊಂಡು ಹೋಗಿದ್ದರು. ಮಂಗಳವಾರ ರಾತ್ರಿ ಸಾರಿ ಹೋದರು, ಬುಧವಾರ ಬೆಳಗ್ಗೆ ಟ್ರ್ಯಾಕ್ಟರ್ ತಂದರು. ಕೆಟ್ಲು, ಸ್ಟೋ, ಗ್ಲಾಸಿನ ಜಾಳಿಗೆ ಎಲ್ಲಾ ಅದರೊಳಗೇ. ಆಗಿನ್ನೂ ಈಗಿನ ಕಾಯ್ದೆ ಇರಲಿಲ್ಲ, ಕೇಳಲು ಯಾವ ಕಾಗದವೂ ಇರಲಿಲ್ಲ. ದಂಡ ಕಟ್ಟಿದರೆ ಗಾಡಿ ಬಿಡುತ್ತೇವೆ ಅಂದರು. ಆ ದಂಡದ ದುಡ್ಡು ಕೂಡಿಬೀಳಲು ಸಂಕ್ರಾಂತಿ ದಾಟಬೇಕಾಯಿತು. ಇದನ್ನೆಲ್ಲ ಅವನು ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದ. ಚೀಲ ಹೊರುವುದನ್ನು ಹೇಳುವಾಗ ಮಾತ್ರ ನಿಧಾನಿಸಿದ. ಗೋಣಿಯನ್ನು ಕೊಕ್ಕೆ ಹಾಕಿ ಎಳೆದು ಹೆಗಲಿಗೆ ಅಲ್ಲ, ಕುತ್ತಿಗೆಯ ಬುಡಕ್ಕೆ ಕೂರಿಸಬೇಕು. ಹಲಗೆ ಏರುವಾಗ ಉಸಿರು ಬಿಡಬಾರದು, ಮೇಲೆ ಹೋಗಿ ಬಿಡಬೇಕು. ಜೋಳದ ಧೂಳು ಬೆವರಿಗೆ ಹತ್ತಿ ಕಡಿಯುತ್ತದೆ, ಕೆರೆದುಕೊಳ್ಳಬಾರದು, ಗಾಯ ಆಗುತ್ತದೆ. ಮೊದಲ ದಿನ ಇಪ್ಪತ್ತೇಳು ಚೀಲ. ಡಿಸೆಂಬರಿನಲ್ಲಿ ಒಂದು ದಿನ ನಲವತ್ಮೂರು.

“ಮುನ್ನೂರ ಒಂದು” ಅಂದಳು ಗಿರಿಜಾ.

“ಹೂಂ. ಅವತ್ತ ನಿನಗ ಜಾಮಿಟ್ರಿ ಬಾಕ್ಸ್ ತಂದಿದ್ದೆ.”

“ಇಷ್ಟೆಲ್ಲಾ ಬರೆಯೋದು ಯಾಕಪ್ಪಾ? ಅವ್ವಗ ಗೊತ್ತಿತ್ತಲ್ಲಾ.”

“ನಿಮ್ಮವ್ವಗ ಮೊದಲನೇ ದಿನಾನ ಹೇಳೀನಿ. ಅಕಿ ಅಂಗಿ ಒಗಿಯಾಕಿ, ಅಕಿಗೆ ಹೆಂಗ್ ಮುಚ್ಚಿಡ್ಲಿ?” ಬಸವರಾಜ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. “ಅವು ನಿನಗಂತ ಬರದದ್ದು. ದಿನಾ ರಾತ್ರಿ ಚೀಟಿ ಕೇಳಾಕಿ ನೀನಲ್ಲೇನು?”

ಹೌದು. ಆ ವರ್ಷ ಅವಳು ಹತ್ತನೇ ತರಗತಿ. ಅಪ್ಪ ಬಂದ ಕೂಡಲೇ ಚೀಟಿ ಇಸಿದುಕೊಂಡು ಕೂಡಿಸಿ ಕಳೆದು, ‘ಸರಿ ಇದೆ’ ಎಂದು ಮೂಲೆಯಲ್ಲಿ ತನ್ನ ಸಹಿ ಹಾಕುತ್ತಿದ್ದದ್ದು ಅವಳೇ. ದೊಡ್ಡವಳಾದ ಮೇಲೆ ಏನಾಗುತ್ತೀ ಎಂದು ಯಾರು ಕೇಳಿದರೂ ಲೆಕ್ಕದ ಕೆಲಸ ಅನ್ನುತ್ತಿದ್ದಳು. ಚಾಪೆಯ ಮೇಲಿದ್ದ ಒಂದು ಚೀಟಿ ಎತ್ತಿ ಮಗುಚಿದಳು. ಬಲಗಡೆ ಕೆಳಗೆ, ಎರಡು ಸಣ್ಣ ಅಕ್ಷರ: ಗಿ. ಬ.

“ಅಂಗಡಿ ಇಲ್ಲ ಅಂದಿದ್ರ ನೀ ಸಾಲೀ ಬಿಟ್ಟು ಎಲ್ಲೆರ ಕೆಲಸಕ್ಕ ಹೋಗ್ತೀನಿ ಅಂತಿದ್ದಿ” ಎಂದ ಅಪ್ಪ. “ಪಕ್ಕದ ಮನೀ ಹುಡುಗಿ ಹತ್ತಿ ಬಿಡಿಸಾಕ ಹೋಗಿದ್ಲು ನೋಡು, ಮತ್ತ ಸಾಲೀಗೆ ಬರ್ಲೇ ಇಲ್ಲ. ಮೊದಲ ಎರಡು ದಿನ ಚೀಟಿ ಕೊಡಲಿಲ್ಲ ನಾ. ನೀ ಮೂರನೇ ದಿನ ಕೇಳಿದಿ, ‘ಅಪ್ಪಾ, ಅಂಗಡಿ ನಡೀವಲ್ದೇನು’ ಅಂತ. ಅವತ್ತಿಂದ ಬರದೆ. 340 ಅನ್ನೂದು ತಲೀಗೆ ಬಂದ ಅಂಕಿ.”

ಗಿರಿಜಾಳಿಗೆ ಕಣ್ಣು ತುಂಬಿತು. ಅವಳು ಅದನ್ನು ಮರೆಮಾಚಲಿಲ್ಲ. ಅವ್ವ ಬಂದು ಪಕ್ಕದಲ್ಲಿ ಕೂತು, ಆರಿದ ರೊಟ್ಟಿ ತೆಗೆದು ಬಿಸಿಯದು ಹಾಕಿದಳು.

ಸ್ವಲ್ಪ ಹೊತ್ತಾದ ಮೇಲೆ ಗಿರಿಜಾಳ ತಲೆ ಮತ್ತೆ ಕೆಲಸಕ್ಕೆ ಬಂತು. “ದಂಡ ಕಟ್ಟಿದ ರಸೀದಿ ಕೊಟ್ಟಿದ್ರೇನು?”

“ಕೊಟ್ಟಿದ್ರು. ಅದನ್ಯಾಕ ತೋರಿಸೂದು? ರಸ್ತೆಕ್ಕ ಅಡ್ಡ ಆಗಿದ್ದಕ್ಕ ದಂಡ ಅಂತ ಬರದಾರ. ಅದನ್ನ ನೋಡಿದ್ರ ಪ್ರಮಾಣಪತ್ರ ಕೊಡ್ತಾರೇನು?”

“ಎಲ್ಲೈತಿ ಅದು?”

ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ, ಕಾರ್ಡಿನ ಹಿಂದೆ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ. ಮಡಿಕೆಯ ಗೆರೆಯಲ್ಲಿ ಕಾಗದ ಹರಿಯುವಂತಾಗಿತ್ತು. ಅವಳು ನೆಲದ ಮೇಲಿಟ್ಟು ಅಂಗೈಯಿಂದ ಸವರಿ ಬಿಡಿಸಿದಳು. ಕಚೇರಿಯ ಮೊಹರು, ರಸೀದಿ ಸಂಖ್ಯೆ, ಅಪ್ಪನ ಹೆಸರು. ಕೆಳಗೆ ನೀಲಿ ಶಾಯಿಯಲ್ಲಿ: ‘ಬಸ್ ನಿಲ್ದಾಣದ ಪೂರ್ವ ಗೇಟಿನ ಎದುರು ಚಹಾ ಗಾಡಿ, ದಿನಾಂಕ 17-10-2012ರಂದು ವಶ.’

ಎರಡು ಚೀಲ ಚೀಟಿಗಳಲ್ಲಿ ಒಂದರಲ್ಲೂ ಜಾಗದ ಹೆಸರಿರಲಿಲ್ಲ. ಹಾಲಿನ ಬೂತಿಗೆ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದು ಬೇಕಿರಲಿಲ್ಲ, ಕಿರಾಣಿಯವನಿಗೂ ಬೇಕಿರಲಿಲ್ಲ. ಗಾಡಿ ಎತ್ತಿದವರು ಮಾತ್ರ ಜಾಗ, ತಾರೀಖು, ಹೆಸರು ಮೂರನ್ನೂ ಬರೆದು, ಮೊಹರು ಒತ್ತಿ ಕೊಟ್ಟಿದ್ದರು.

“ಅಪ್ಪಾ, ನೀ ಅಲ್ಲೇ ಇದ್ದಿ ಅಂತ ಅವರ ಬರಕೊಟ್ಟಾರ. ಇದಕ್ಕಿಂತ ದೊಡ್ಡ ಕಾಗದ ಬ್ಯಾರೆ ಬೇಕೇನು?”

ಬಸವರಾಜ ರಸೀದಿಯನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಮತ್ತೊಮ್ಮೆ ಓದಿದ. ಹನ್ನೆರಡು ವರ್ಷ ಅದನ್ನು ಕಳ್ಳನ ಗುರುತಿನಂತೆ ಬಚ್ಚಿಟ್ಟುಕೊಂಡಿದ್ದ.

ಗಿರಿಜಾ ಫೈಲಿನಲ್ಲಿ ಅದನ್ನು ಎಲ್ಲಕ್ಕಿಂತ ಮೇಲಿಟ್ಟಳು. ಅದರ ಕೆಳಗೆ ವರ್ಷವಾರು ಹಾಲಿನ ಚೀಟಿಗಳು. ವಿವರಣೆಯ ಹಾಳೆಯಲ್ಲಿ ನೇರವಾಗಿ ಬರೆದಳು: ‘ರಸ್ತೆ ಅಗಲೀಕರಣಕ್ಕೆ ಗಾಡಿ ವಶಪಡಿಸಿಕೊಂಡಿದ್ದರಿಂದ 17-10-2012ರಿಂದ 3-2-2013ರವರೆಗೆ ವ್ಯಾಪಾರ ಇರಲಿಲ್ಲ. 4-2-2013ರಿಂದ ಅದೇ ಜಾಗದಲ್ಲಿ ಮುಂದುವರಿಸಲಾಗಿದೆ.’

“ಆ ಚೀಟಿ?” ಎಂದು ಅಪ್ಪ ಏಳರ ಗುಡ್ಡೆಯತ್ತ ಕೈ ತೋರಿಸಿದ. “ಹಾಕಿಬಿಡು. ದಿನಾ ಅಂಗಡಿ ಇತ್ತು ಅಂತ ಆಗ್ತೈತಿ.”

“ಇಲ್ಲಪ್ಪಾ. ಆ ಲೆಕ್ಕಕ್ಕ ನಾ ಆಗ್ಲೇ ಸಹಿ ಹಾಕೀನಿ. ನಗರಸಭೆಗೆ ಸಂಬಂಧ ಇಲ್ಲ.”

ಅವಳು ಆ ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ತನ್ನ ಆಫೀಸಿನ ಬ್ಯಾಗಿಗೆ ಹಾಕಿಕೊಂಡಳು. ಮರುದಿನ ಬೆಳಗ್ಗೆ ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯಲ್ಲಿ ಫೈಲಿನ ಮೂರು ಪ್ರತಿ ತೆಗೆಸಿದಳು. ಹರಿಯುವಂತಿದ್ದ ರಸೀದಿಗೆ ಮಾತ್ರ ಲ್ಯಾಮಿನೇಶನ್ ಮಾಡಿಸಿ, ಹನ್ನೊಂದಕ್ಕೆ ಅಪ್ಪನನ್ನು ಕರೆದುಕೊಂಡು ನಗರಸಭೆಯ ಕೌಂಟರಿಗೆ ಹೋಗಿ ಸ್ವೀಕೃತಿ ಪಡೆದಳು.