ಮೈದಾನದ ಬೋರ್ಡಿಗೆ ಮೂರು ಫೈನಲ್: ಪೂರ್ತಿ ವರದಿ, ಕಿರು ಪ್ಯಾರಾ

ದಾವಣಗೆರೆ ಹೈಸ್ಕೂಲ್ ಮೈದಾನದ ಬೇಸಿಗೆ ಶಿಬಿರಕ್ಕೆ ಈ ಸಲ ಮೂರು ಫ್ಲೆಕ್ಸ್ ಬೋರ್ಡ್ ಮಾಡಿಸುತ್ತಿದ್ದೇವೆ, ಒಂದೊಂದರಲ್ಲೂ ಒಂದು ಫೈನಲ್. ಪ್ಯಾಡ್ ಕಟ್ಟಿಕೊಂಡು ನೆಟ್ಸ್ ಸರದಿ ಕಾಯುವ ಹುಡುಗ ನಿಂತಲ್ಲೇ ಓದಿ ಮುಗಿಸುವಷ್ಟಿರಬೇಕು: ಮೇಲೆ ಫಲಿತಾಂಶ, ನಡುವೆ ಆಟ ತಿರುಗಿದ ಜಾಗ, ಕೆಳಗೆ ಸ್ಕೋರು. ಬೋರ್ಡಿಗೆ ಹೋಗುವ ಪ್ಯಾರಾಗಳ ಜತೆ ಮೂಲ ವರದಿಯನ್ನೂ, ಏನನ್ನು ಯಾಕೆ ಬಿಟ್ಟೆವೆಂಬುದನ್ನೂ ಇಲ್ಲಿ ಕೊಟ್ಟಿದ್ದೇವೆ. ಪ್ರೂಫ್ ನೋಡುವವರಿಗೂ, ಹರಿಹರ, ಚಿತ್ರದುರ್ಗಗಳಿಂದ ಬಂದು ಶಿಬಿರದ ಪಂದ್ಯಗಳ ವರದಿ ಬರೆಯುವ ದೊಡ್ಡ ಹುಡುಗರಿಗೂ ಇದು ಬೇಕಾಗುತ್ತದೆ.

ತಿರುವು ಎಂದು ಯಾವುದನ್ನು ಕರೆಯಬೇಕು ಎನ್ನುವುದಕ್ಕೆ ನಾವು ಇಟ್ಟುಕೊಂಡ ಅಳತೆ ಒಂದೇ. ಅದಕ್ಕೆ ಮುಂಚೆ ಗೆಲುವು ಯಾರ ಕಡೆ ವಾಲಿತ್ತು, ಆದಮೇಲೆ ಯಾರ ಕಡೆ ವಾಲಿತು? ಎರಡೂ ಪ್ರಶ್ನೆಗೆ ಒಂದೇ ಉತ್ತರ ಬಂದರೆ, ಅದು ಎಷ್ಟೇ ಸೊಗಸಾದ ಶತಕವಾಗಿರಲಿ, ಸ್ಕೋರಿನ ಸಾಲಿಗೆ ಹೋಗುತ್ತದೆ.

ಮೊದಲ ಬೋರ್ಡ್: ಟಿ20 ವಿಶ್ವಕಪ್ ಫೈನಲ್, 2024

ಮೂಲ ವರದಿ:

ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ 2024ರ ಜೂನ್ 29ರಂದು ನಡೆದ ಫೈನಲ್‌ನಲ್ಲಿ ಟಾಸ್ ಗೆದ್ದ ಭಾರತ ಬ್ಯಾಟಿಂಗ್ ಆಯ್ದುಕೊಂಡಿತು. ಮೊದಲ ಓವರ್‌ನಲ್ಲೇ ವಿರಾಟ್ ಕೊಹ್ಲಿ ಮೂರು ಬೌಂಡರಿ ಬಾರಿಸಿದರು. ಆದರೆ ಎರಡನೇ ಓವರ್‌ನಲ್ಲಿ ಎಡಗೈ ಸ್ಪಿನ್ನರ್ ಕೇಶವ್ ಮಹಾರಾಜ್, ನಾಯಕ ರೋಹಿತ್ ಶರ್ಮಾ ಮತ್ತು ರಿಷಭ್ ಪಂತ್ ಇಬ್ಬರನ್ನೂ ಪೆವಿಲಿಯನ್‌ಗೆ ಕಳಿಸಿದರು. ಸೂರ್ಯಕುಮಾರ್ ಯಾದವ್ ಅವರನ್ನು ಕಗಿಸೊ ರಬಾಡ ಔಟ್ ಮಾಡಿದಾಗ ಸ್ಕೋರು 3 ವಿಕೆಟ್‌ಗೆ 34. ಮೇಲಿನ ಕ್ರಮಾಂಕಕ್ಕೆ ಬಡ್ತಿ ಪಡೆದು ಬಂದ ಅಕ್ಷರ್ ಪಟೇಲ್ 31 ಎಸೆತಗಳಲ್ಲಿ 47 ರನ್ ಗಳಿಸಿ, ಕೊಹ್ಲಿ ಜತೆ 72 ರನ್ ಸೇರಿಸಿ ರನ್‌ಔಟ್ ಆದರು. ಕೊಹ್ಲಿ ಅರ್ಧಶತಕಕ್ಕೆ 48 ಎಸೆತ ತೆಗೆದುಕೊಂಡರೂ ಆಮೇಲೆ ವೇಗ ಹೆಚ್ಚಿಸಿ, 59 ಎಸೆತಗಳಲ್ಲಿ 76 ರನ್ ಗಳಿಸಿದರು. ಶಿವಂ ದುಬೆ 16 ಎಸೆತಗಳಲ್ಲಿ 27 ಹೊಡೆದರು. ಭಾರತ 7 ವಿಕೆಟ್‌ಗೆ 176 ರನ್ ಕಲೆಹಾಕಿತು.

ಗುರಿ ಬೆನ್ನತ್ತಿದ ದಕ್ಷಿಣ ಆಫ್ರಿಕಾದ ರೀಜಾ ಹೆಂಡ್ರಿಕ್ಸ್ ಅವರನ್ನು ಜಸ್‌ಪ್ರೀತ್ ಬೂಮ್ರಾ ಬೌಲ್ಡ್ ಮಾಡಿದರು. ನಾಯಕ ಏಡನ್ ಮರ್ಕರಂ, ಅರ್ಷದೀಪ್ ಸಿಂಗ್‌ಗೆ ವಿಕೆಟ್ ಒಪ್ಪಿಸಿದರು. 12 ರನ್‌ಗೆ 2 ವಿಕೆಟ್ ಬಿದ್ದ ಮೇಲೆ ಕ್ವಿಂಟನ್ ಡಿ ಕಾಕ್ (39) ಮತ್ತು ಟ್ರಿಸ್ಟನ್ ಸ್ಟಬ್ಸ್ (31) 58 ರನ್ ಸೇರಿಸಿದರು. ನಂತರ ಹೆನ್ರಿಕ್ ಕ್ಲಾಸೆನ್ ಸಿಡಿದರು. ಅಕ್ಷರ್ ಹಾಕಿದ 15ನೇ ಓವರ್‌ನಲ್ಲಿ 24 ರನ್ ಬಂದವು. ಕ್ಲಾಸೆನ್ 23 ಎಸೆತಗಳಲ್ಲಿ ಅರ್ಧಶತಕ ಮುಟ್ಟಿದರು. 17ನೇ ಓವರ್‌ನ ಮೊದಲ ಎಸೆತದಲ್ಲಿ ಕ್ಲಾಸೆನ್ ಅವರನ್ನು ಹಾರ್ದಿಕ್ ಪಾಂಡ್ಯ ಔಟ್ ಮಾಡಿದರು. ವಿಕೆಟ್ ಹಿಂದೆ ಪಂತ್ ಕ್ಯಾಚ್ ಹಿಡಿದರು. 18ನೇ ಓವರ್‌ನಲ್ಲಿ ಬೂಮ್ರಾ 2 ರನ್ ಮಾತ್ರ ಕೊಟ್ಟು ಮಾರ್ಕೊ ಯಾನ್ಸೆನ್ ವಿಕೆಟ್ ಉರುಳಿಸಿದರು. ಕೊನೆಯ ಓವರ್‌ನ ಮೊದಲ ಎಸೆತವನ್ನು ಡೇವಿಡ್ ಮಿಲ್ಲರ್ ಎತ್ತಿ ಹೊಡೆದರು. ಬೌಂಡರಿ ಗೆರೆಯ ಬಳಿ ಓಡಿ ಬಂದ ಸೂರ್ಯಕುಮಾರ್ ಚೆಂಡನ್ನು ಹಿಡಿದು, ಗಾಳಿಗೆಸೆದು, ಗೆರೆ ದಾಟಿ ಮತ್ತೆ ಒಳಬಂದು ಕ್ಯಾಚ್ ಪೂರೈಸಿದರು. ಭಾರತ 7 ರನ್‌ಗಳಿಂದ ಗೆದ್ದು, 2007ರ ನಂತರ ಎರಡನೇ ಸಲ ಈ ಕಪ್ ಎತ್ತಿತು. ಕೊಹ್ಲಿ ಪಂದ್ಯಶ್ರೇಷ್ಠ, ಬೂಮ್ರಾ ಸರಣಿಶ್ರೇಷ್ಠ. ಪಂದ್ಯದ ನಂತರ ಕೊಹ್ಲಿ ಮತ್ತು ರೋಹಿತ್ ಈ ಮಾದರಿಯ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದರು.

ಬೋರ್ಡಿಗೆ:

> ಭಾರತಕ್ಕೆ 7 ರನ್ ಜಯ. ಟಿ20 ವಿಶ್ವಕಪ್ ಫೈನಲ್, ಬ್ರಿಜ್‌ಟೌನ್, 29 ಜೂನ್ 2024. 34 ರನ್‌ಗೆ 3 ವಿಕೆಟ್ ಕಳೆದುಕೊಂಡಿದ್ದ ಭಾರತವನ್ನು ಕೊಹ್ಲಿ–ಅಕ್ಷರ್ 72 ರನ್‌ಗಳ ಜತೆಯಾಟ ಮೇಲೆತ್ತಿತು. ಗುರಿ 177. ದಕ್ಷಿಣ ಆಫ್ರಿಕಾ 15ನೇ ಓವರ್‌ನಲ್ಲಿ 24 ರನ್ ಬಾಚಿ, ಗೆಲುವನ್ನು 30 ಎಸೆತಕ್ಕೆ 30 ರನ್ ಎಂಬಲ್ಲಿಗೆ ತಂದಿತು. 17ನೇ ಓವರ್‌ನ ಮೊದಲ ಎಸೆತದಲ್ಲಿ ಕ್ಲಾಸೆನ್ ವಿಕೆಟ್ ಹಾರ್ದಿಕ್ ಪಾಲಾಯಿತು. 16ರಿಂದ 19ನೇ ಓವರ್‌ವರೆಗೆ ಬಂದದ್ದು 14 ರನ್ ಮಾತ್ರ. ಕೊನೆಯ ಓವರ್‌ಗೆ 16 ಬೇಕಿದ್ದಾಗ ಮೊದಲ ಎಸೆತದಲ್ಲೇ ಮಿಲ್ಲರ್ ಔಟ್, ಕ್ಯಾಚ್ ಸೂರ್ಯಕುಮಾರ್.
> ಸ್ಕೋರು: ಭಾರತ 20 ಓವರ್‌ಗಳಲ್ಲಿ 7 ವಿಕೆಟ್‌ಗೆ 176 (ಕೊಹ್ಲಿ 76, ಅಕ್ಷರ್ 47, ಮಹಾರಾಜ್ 23ಕ್ಕೆ 2, ನಾರ್ಕಿಯಾ 26ಕ್ಕೆ 2). ದಕ್ಷಿಣ ಆಫ್ರಿಕಾ 20 ಓವರ್‌ಗಳಲ್ಲಿ 8 ವಿಕೆಟ್‌ಗೆ 169 (ಕ್ಲಾಸೆನ್ 52, ಡಿ ಕಾಕ್ 39, ಬೂಮ್ರಾ 18ಕ್ಕೆ 2, ಹಾರ್ದಿಕ್ 20ಕ್ಕೆ 3, ಅರ್ಷದೀಪ್ 20ಕ್ಕೆ 2).

ಇಲ್ಲಿ ಹೆಚ್ಚು ಚರ್ಚೆಯಾದದ್ದು ಸೂರ್ಯಕುಮಾರ್ ಕ್ಯಾಚ್ ಬಗ್ಗೆ. ಎಲ್ಲರ ಕಣ್ಣಲ್ಲಿ ಉಳಿದಿರುವುದು ಅದೇ. ಆದರೆ ಅದೊಂದನ್ನೇ ತಿರುವು ಎಂದು ಬರೆದರೆ ಅದಕ್ಕೂ ಮುಂಚಿನ ನಾಲ್ಕು ಓವರ್ ಮಾಯವಾಗುತ್ತವೆ. ಲೆಕ್ಕ ನೋಡಿ. 15 ಓವರ್ ಮುಗಿದಾಗ 4 ವಿಕೆಟ್‌ಗೆ 147. ಬೇಕಾದದ್ದು 30 ಎಸೆತಕ್ಕೆ 30. ಬೂಮ್ರಾ ಓವರ್ ಆದಮೇಲೆ 24ಕ್ಕೆ 26. ಹಾರ್ದಿಕ್ ಓವರ್ ಆದಮೇಲೆ 18ಕ್ಕೆ 22. ಮತ್ತೆ ಬೂಮ್ರಾ, 12ಕ್ಕೆ 20. ಅರ್ಷದೀಪ್ ಮುಗಿಸಿದಾಗ 6ಕ್ಕೆ 16. ಎಸೆತಕ್ಕೊಂದು ರನ್ ಸಾಕಾಗಿದ್ದ ಆಟ ಕೊನೆಯ ಓವರ್‌ಗೆ ಬರುವಾಗ ಎಸೆತಕ್ಕೆ ಎರಡೂವರೆ ರನ್ ದಾಟಿತ್ತು. ಕ್ಲಾಸೆನ್ ಔಟಾದ ಎಸೆತದಲ್ಲಿ ಆಟ ತಿರುಗಿತು, ಮಿಲ್ಲರ್ ಔಟಾದ ಎಸೆತದಲ್ಲಿ ಬಾಗಿಲು ಮುಚ್ಚಿತು. ಎರಡೂ ಇರಲಿ, ಆದರೆ ಅದೇ ಕ್ರಮದಲ್ಲಿ. ನಡುವಿನ ‘14 ರನ್’ ಎಂಬ ಒಂದೇ ಅಂಕಿ ಬೂಮ್ರಾ, ಅರ್ಷದೀಪ್ ಇಬ್ಬರ ಕೆಲಸವನ್ನೂ ಹೇಳಿಬಿಡುತ್ತದೆ.

‘ಬೇಕಾದದ್ದು ಇಷ್ಟು’ ಎಂದು ಬರೆಯುವಾಗ ಓವರ್ ಮುಗಿದ ಹೊತ್ತಿನ ಅಂಕಿಯನ್ನೇ ಹಾಕಿ. ಓವರ್ ನಡುವಿನ ಲೆಕ್ಕ ಹಿಡಿದರೆ ವೈಡ್, ನೋಬಾಲ್ ಬಂದಾಗ ಎಸೆತದ ಎಣಿಕೆ ತಪ್ಪುತ್ತದೆ. ಇನ್ನೊಂದು: ಎರಡೂ ತಂಡಗಳ ನಾಲ್ಕನೇ ವಿಕೆಟ್ ಬಿದ್ದದ್ದು 106 ರನ್‌ನಲ್ಲೇ. ಮೂಲ ಸ್ಕೋರ್‌ಶೀಟ್‌ನಲ್ಲಿ ಅದನ್ನು ಕಂಡವರು ಅಚ್ಚಿನ ತಪ್ಪೆಂದು ತಿದ್ದಲು ಹೋಗಬೇಡಿ, ಅದು ಸರಿಯಾಗಿಯೇ ಇದೆ.

ಬ್ಯಾಟಿಂಗ್ ತಂಡಕ್ಕೆ ‘7 ವಿಕೆಟ್‌ಗೆ 176’, ಬೌಲರ್‌ಗೆ ‘20ಕ್ಕೆ 3’. ಇವೆರಡರ ಕ್ರಮ ಬೇರೆ ಬೇರೆ. ಫ್ಲೆಕ್ಸ್ ಅಂಗಡಿಯಲ್ಲಿ ಡಿಟಿಪಿ ಮಾಡುವವರು ಅವಸರದಲ್ಲಿ ಅದಲುಬದಲು ಮಾಡುವುದು ಇಲ್ಲೇ. ಪ್ರೂಫ್‌ನಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಪ್ರಶಸ್ತಿ, ವಿದಾಯ, 2007ರ ನೆನಪು, ದುಬೆ ಆಟ, ಮೊದಲ ಓವರ್‌ನ ಬೌಂಡರಿಗಳು ಎಲ್ಲವೂ ಹೋದವು. ಕೊಹ್ಲಿಯ 48 ಎಸೆತಗಳ ಅರ್ಧಶತಕದ ಬಗ್ಗೆ ವಾದಿಸಲು ಬೇಕಾದಷ್ಟಿದೆ, ಬೋರ್ಡಿನಲ್ಲಿ ಅದಕ್ಕೆ ಜಾಗ ಇಲ್ಲ.

ಎರಡನೇ ಬೋರ್ಡ್: ರಣಜಿ ಫೈನಲ್, 2015

ಮೂಲ ವರದಿಯ ಸಾರ: ಮುಂಬೈನ ವಾಂಖೆಡೆ ಕ್ರೀಡಾಂಗಣದಲ್ಲಿ 2015ರ ಮಾರ್ಚ್‌ನಲ್ಲಿ ನಡೆದ ಫೈನಲ್‌ನಲ್ಲಿ ತಮಿಳುನಾಡು ಮೊದಲ ಇನಿಂಗ್ಸ್‌ನಲ್ಲಿ 134ಕ್ಕೆ ಕುಸಿಯಿತು. ನಾಯಕ ಆರ್. ವಿನಯ್ ಕುಮಾರ್ 34 ರನ್‌ಗೆ 5 ವಿಕೆಟ್ ಕಿತ್ತರು. ಕರ್ನಾಟಕವೂ 84ಕ್ಕೆ 5 ವಿಕೆಟ್ ಕಳೆದುಕೊಂಡಿತು. ಅಲ್ಲಿಂದ ಕರುಣ್ ನಾಯರ್ ಮತ್ತು ಕೆ.ಎಲ್. ರಾಹುಲ್ ಆರನೇ ವಿಕೆಟ್‌ಗೆ 386 ರನ್ ಸೇರಿಸಿದರು. ರಾಹುಲ್ 188, ಕರುಣ್ 328. ರಣಜಿ ಫೈನಲ್‌ನ ಅತ್ಯಧಿಕ ವೈಯಕ್ತಿಕ ಮೊತ್ತವಾಗಿ 1946–47ರಿಂದ ನಿಂತಿದ್ದ ಬರೋಡದ ಗುಲ್ ಮೊಹಮ್ಮದ್ ಅವರ 319 ಅಳಿಯಿತು. ವಿನಯ್ ಔಟಾಗದೆ 105 ಗಳಿಸಿದರು. 762 ರನ್ ಪೇರಿಸಿದ ಕರ್ನಾಟಕದೆದುರು ತಮಿಳುನಾಡು ಎರಡನೇ ಇನಿಂಗ್ಸ್‌ನಲ್ಲಿ 411ಕ್ಕೆ ಆಲೌಟ್. ದಿನೇಶ್ ಕಾರ್ತಿಕ್ ಮತ್ತು ವಿಜಯ್ ಶಂಕರ್ ಶತಕ ಹೊಡೆದರು. ಕರ್ನಾಟಕಕ್ಕೆ ಸತತ ಎರಡನೇ, ಒಟ್ಟು ಎಂಟನೇ ಪ್ರಶಸ್ತಿ.

ಬೋರ್ಡಿಗೆ:

> ಕರ್ನಾಟಕಕ್ಕೆ ಇನಿಂಗ್ಸ್ ಮತ್ತು 217 ರನ್ ಜಯ. ರಣಜಿ ಫೈನಲ್, ವಾಂಖೆಡೆ, ಮಾರ್ಚ್ 2015. ದಾವಣಗೆರೆಯ ವಿನಯ್ ಕುಮಾರ್ 5 ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಕಟ್ಟಿಹಾಕಿದರು. ಕರ್ನಾಟಕ 5 ವಿಕೆಟ್‌ಗೆ 84. ಇನ್ನೂ 50 ರನ್ ಹಿಂದೆ. ಅಲ್ಲಿಂದ ಕರುಣ್–ರಾಹುಲ್ ಜತೆಯಾಟ 386 ರನ್. ಪಂದ್ಯ ಅಲ್ಲಿಗೆ ತಮಿಳುನಾಡಿನ ಕೈ ಬಿಟ್ಟಿತು.
> ಸ್ಕೋರು: ತಮಿಳುನಾಡು 134 (ವಿನಯ್ 34ಕ್ಕೆ 5) ಮತ್ತು 411 (ಕಾರ್ತಿಕ್ 120, ವಿಜಯ್ ಶಂಕರ್ 103). ಕರ್ನಾಟಕ 762 (ಕರುಣ್ 328, ರಾಹುಲ್ 188, ವಿನಯ್ ಔಟಾಗದೆ 105).

‘ದಾವಣಗೆರೆ ಎಕ್ಸ್‌ಪ್ರೆಸ್’ ಶತಕವನ್ನು ಸ್ಕೋರಿನ ಸಾಲಿಗೆ ಇಳಿಸಿದ್ದಕ್ಕೆ ನಮ್ಮೂರಲ್ಲಿ ಆಕ್ಷೇಪ ಬಂದೇ ಬರುತ್ತದೆ. ಫೈನಲ್‌ನಲ್ಲಿ ನಾಯಕನೊಬ್ಬ ಐದು ವಿಕೆಟ್ ಪಡೆದು ಶತಕವನ್ನೂ ಹೊಡೆಯುವುದು ಸಣ್ಣ ಮಾತಲ್ಲ, ನಮಗೂ ಅದು ಹೆಮ್ಮೆ. ಆದರೆ ಆ 105 ಬರುವ ಹೊತ್ತಿಗೆ ಪಂದ್ಯ ಕರ್ನಾಟಕದ ಕೈಯಲ್ಲಿತ್ತು. ವಿನಯ್ ಹೆಸರು ತಿರುವಿನ ಭಾಗಕ್ಕೆ ಬಂದಿರುವುದು ಬೌಲಿಂಗ್‌ನಿಂದ, ಅದು ಊರಿನ ಅಭಿಮಾನಕ್ಕೆ ಕೊಟ್ಟ ಜಾಗವಲ್ಲ. ಕರುಣ್ ತ್ರಿಶತಕದ ದಾಖಲೆಗೂ, ತಮಿಳುನಾಡಿನ ಎರಡು ಶತಕಗಳಿಗೂ ಇದೇ ಅಳತೆ.

‘ಇನ್ನೂ 50 ರನ್ ಹಿಂದೆ’ ಎಂಬ ತುಣುಕನ್ನು ಮಾತ್ರ ಜಾಗ ಸಾಲದೆಂದು ಕಿತ್ತುಹಾಕಬೇಡಿ. ಕೊನೆಯಲ್ಲಿ 762 ಎಂದು ಓದಿದವನಿಗೆ ಕರ್ನಾಟಕ ಒಮ್ಮೆ ಇಕ್ಕಟ್ಟಿಗೆ ಸಿಕ್ಕಿತ್ತು ಎಂದು ಗೊತ್ತಾಗುವುದೇ ಇಲ್ಲ. ತಾಳೆ ನೋಡುವುದು ಸುಲಭ: 762ರಲ್ಲಿ 134 ಮತ್ತು 411 ಕಳೆದರೆ 217 ಬರಬೇಕು.

ಮೂರನೇ ಬೋರ್ಡ್: ಫುಟ್‌ಬಾಲ್ ವಿಶ್ವಕಪ್ ಫೈನಲ್, 2022

ಇದರ ಮೂಲ ವರದಿ ಎರಡು ಪುಟ ಇದೆ, ಇಲ್ಲಿ ಹಾಕಿಲ್ಲ.

> ಅರ್ಜೆಂಟೀನಾ 3, ಫ್ರಾನ್ಸ್ 3. ಶೂಟೌಟ್‌ನಲ್ಲಿ ಅರ್ಜೆಂಟೀನಾಕ್ಕೆ 4–2 ಜಯ. ಲುಸೈಲ್, ಕತಾರ್, 18 ಡಿಸೆಂಬರ್ 2022. 80ನೇ ನಿಮಿಷದವರೆಗೆ 2–0 ಮುಂದಿದ್ದ, ಹಿಡಿತ ಬಿಡದಿದ್ದ ಅರ್ಜೆಂಟೀನಾ ವಿರುದ್ಧ ಎಂಬಾಪೆ 80 ಮತ್ತು 81ನೇ ನಿಮಿಷದಲ್ಲಿ ಗೋಲು ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಮೆಸ್ಸಿ ಮುನ್ನಡೆ ಕೊಟ್ಟರೆ, ಎಂಬಾಪೆ ಪೆನಾಲ್ಟಿಯಲ್ಲಿ ಮತ್ತೆ ಸರಿಗಟ್ಟಿದರು. ಕೊನೆಯ ಗಳಿಗೆಯಲ್ಲಿ ಕೋಲೊ ಮುವಾನಿ ಹೊಡೆತವನ್ನು ಗೋಲ್‌ಕೀಪರ್ ಮಾರ್ಟಿನೆಜ್ ಕಾಲಿನಿಂದ ತಡೆದರು. ಶೂಟೌಟ್‌ನಲ್ಲಿ ಕೋಮನ್ ಒದ್ದದ್ದನ್ನೂ ತಡೆದರು. ಚುವಾಮೆನಿ ಒದ್ದದ್ದು ಗುರಿ ತಪ್ಪಿತು.
> ಗೋಲು: ಮೆಸ್ಸಿ 23 (ಪೆನಾಲ್ಟಿ), 108; ಡಿ ಮರಿಯಾ 36; ಎಂಬಾಪೆ 80 (ಪೆನಾಲ್ಟಿ), 81, 118 (ಪೆನಾಲ್ಟಿ).

‘80ನೇ ನಿಮಿಷದವರೆಗೆ 2–0 ಮುಂದಿದ್ದ’ ಎಂಬುದನ್ನು ‘79 ನಿಮಿಷ 2–0 ಮುಂದಿದ್ದ’ ಎಂದು ಬದಲಿಸಬೇಡಿ. ಎರಡನೇ ಗೋಲು ಬಂದದ್ದೇ 36ರಲ್ಲಿ, ಆದ್ದರಿಂದ ಅಷ್ಟೂ ಹೊತ್ತು 2–0 ಇತ್ತು ಎನ್ನುವಂತೆ ಓದಿಸಿಕೊಳ್ಳಬಾರದು. ಶೂಟೌಟ್‌ನ 4–2 ಅನ್ನು ಪಂದ್ಯದ ಗೋಲುಗಳಿಗೆ ಕೂಡಿಸಿ 7–5 ಎಂದು ಬರೆಯುವಂತಿಲ್ಲ. ದಾಖಲೆಯಲ್ಲಿ ಪಂದ್ಯ 3–3. ಹಾಗೆಯೇ ಶೂಟೌಟ್‌ನಲ್ಲಿ ಹೊಡೆದದ್ದು ಆಟಗಾರನ ಗೋಲಿನ ಲೆಕ್ಕಕ್ಕೆ ಸೇರುವುದಿಲ್ಲ, ಎಂಬಾಪೆ ಹೆಸರಿನ ಮುಂದೆ ಮೂರೇ ಇರಬೇಕು.

ಫ್ರಾನ್ಸ್ 41ನೇ ನಿಮಿಷದಲ್ಲೇ ಜಿರೂ, ಡೆಂಬೆಲೆ ಇಬ್ಬರನ್ನೂ ಹೊರಕರೆದು ತುರಾಂ, ಕೋಲೊ ಮುವಾನಿ ಅವರನ್ನು ಇಳಿಸಿದ್ದು ಮೂಲ ವರದಿಯ ಒಳ್ಳೆಯ ಭಾಗ. 80ನೇ ನಿಮಿಷದ ಪೆನಾಲ್ಟಿ ಸಿಕ್ಕಿದ್ದೂ ಕೋಲೊ ಮುವಾನಿಯನ್ನು ಬೀಳಿಸಿದ್ದಕ್ಕೇ. ಬೋರ್ಡಿನಲ್ಲಿ ಒಂದು ಸಾಲು ಉಳಿದರೆ ಮೊದಲು ಸೇರಿಸಬೇಕಾದದ್ದು ಇದನ್ನು. ಉಳಿಯದಿದ್ದರೆ ಅಕ್ಷರ ಚಿಕ್ಕದು ಮಾಡಿ ತುರುಕುವುದು ಬೇಡ. ಗೋಲಿನ ಸಾಲು ಹತ್ತಡಿ ದೂರದಿಂದ ಓದಲು ಬರಬೇಕು.