ಮೇಘಾ, ಅಡುಗೆಮನೆ ವಿಷಯ. ಉದ್ದ ಇದೆ, ಪೂರ್ತಿ ಓದು

ಮೇಘಾ, ನೀನೀಗ ಶಿಫ್ಟ್‌ನಲ್ಲಿರುತ್ತೀಯ ಅಂತ ಗೊತ್ತು. ಈಗಲೇ ಉತ್ತರ ಬೇಡ, ರಾತ್ರಿ ಕ್ಯಾಬ್‌ನಲ್ಲಿ ಬರುವಾಗ ಓದು. ಎದುರಿಗೆ ಕೂತು ಹೇಳೋಣ ಅಂದರೆ ನಾನು ಹೊರಡುವಾಗ ನೀನು ಮಲಗಿರುತ್ತೀಯ, ನೀನು ಬರುವಾಗ ನಾನು ಆಕಳಿಸುತ್ತಿರುತ್ತೇನೆ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ನಿನ್ನೆ ಫ್ರಿಜ್ ಒರೆಸಿದೆ. ಕೆಳಗಿನ ಟ್ರೇನಲ್ಲಿ ಕೊತ್ತಂಬರಿ ಸೊಪ್ಪು ಮೂರು ಕಟ್ಟು! ಒಂದು ಪೂರ್ತಿ ಕಪ್ಪಗಾಗಿ ಕವರಿಗೆ ಅಂಟಿಕೊಂಡಿತ್ತು, ಬೆರಳಲ್ಲಿ ಕೆರೆದು ತೆಗೆದೆ. ಒಂದು ನೀನು ತಂದದ್ದು, ಒಂದು ನಾನು ತಂದದ್ದು, ಮೂರನೆಯದು ಯಾರದೋ ಗೊತ್ತಿಲ್ಲ. ಹಾಲಿನ ಪ್ಯಾಕೆಟ್ ನಾಲ್ಕು ಇತ್ತು, ಅದರಲ್ಲಿ ಎರಡು ಊದಿಕೊಂಡಿದ್ದವು. ಆದರೆ ತೊಗರಿಬೇಳೆ ಡಬ್ಬಿ ತೆಗೆದರೆ ಒಂದು ಹಿಡಿಯೂ ಇಲ್ಲ. ಇಬ್ಬರೂ ಹಾಲು, ಕೊತ್ತಂಬರಿ ತರುತ್ತೇವೆ, ಬೇಳೆ ಯಾರೂ ತರುವುದಿಲ್ಲ. ಕೊನೆಗೆ ನಿನ್ನೆ ರಾತ್ರಿಯೂ ಹೊರಗಿನ ಊಟವೇ ಆಯಿತು.

ಆಮೇಲೆ ಕೂತು ಫೋನಿನಲ್ಲಿ ಲೆಕ್ಕ ನೋಡಿದೆ. ಕಳೆದ ತಿಂಗಳು ಬರೀ ಹೊರಗಿಂದ ತರಿಸಿದ ಊಟಕ್ಕೆ ನಾನು ಕೊಟ್ಟಿದ್ದು 4,280 ರೂಪಾಯಿ. ಅದರ ಜೊತೆಗೆ ಮನೆಸಾಮಾನಿಗೆ 3,150. ಇಷ್ಟು ಖರ್ಚು ಮಾಡಿಯೂ ವಾರದಲ್ಲಿ ಮೂರು ದಿನ ಬೆಳಿಗ್ಗೆ ಬಿಸ್ಕತ್ತು ತಿಂದು ಮೆಟ್ರೋ ಹತ್ತಿದ್ದೇನೆ. ನಿನ್ನದೂ ಹೆಚ್ಚು ಕಡಿಮೆ ಅಷ್ಟೇ ಇರಬಹುದು, ಒಂದು ಸಲ ನೋಡು.

ಜಗಳಕ್ಕೆ ಬರುತ್ತಿದ್ದೇನೆ ಅಂದುಕೊಳ್ಳಬೇಡ ಕಣೇ. ಕುಕ್ಕರ್ ಸಿಂಕ್‌ನಲ್ಲಿ ಮೂರು ದಿನ ನೆನೆದದ್ದು ನಿನ್ನ ತಪ್ಪಾದರೆ, ನಿಮ್ಮಮ್ಮ ಧಾರವಾಡದಿಂದ ಕಳಿಸಿದ ಶೇಂಗಾ ಚಟ್ನಿಪುಡಿ ಅರ್ಧ ಡಬ್ಬಿ ಖಾಲಿಯಾದದ್ದು ನನ್ನಿಂದ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳಿದ್ದೇನೆ, ಸಮ ಆಯಿತು.

ನನ್ನ ಪ್ಲಾನ್ ಕೇಳು. ದಿನಾ ಇಬ್ಬರೂ ಅಡುಗೆಮನೆಗೆ ಹೋಗುವುದು ಬೇಡ. ಒಬ್ಬರು ಒಂದು ಸಲ ಮಾಡಿದ್ದು ಎರಡು ಹೊತ್ತಿಗೆ ಆಗಬೇಕು. ನಾನು ಸಂಜೆ ಮಾಡಿದರೆ ಅದು ನಿನ್ನ ರಾತ್ರಿ ಊಟಕ್ಕೂ ಆಗುತ್ತದೆ, ಮಾರನೇ ದಿನ ನನ್ನ ಡಬ್ಬಿಗೂ ಆಗುತ್ತದೆ. ನೀನು ಮಧ್ಯಾಹ್ನ ಹೊರಡುವ ಮೊದಲು ಮಾಡಿದರೆ ನಿನ್ನ ಊಟ ಆಗಿ, ರಾತ್ರಿಗೆ ಇಬ್ಬರಿಗೂ ಇರುತ್ತದೆ. ನಮ್ಮ ಶಿಫ್ಟ್ ಹೊಂದುವುದಿಲ್ಲ ಅಂತ ಬೈದುಕೊಳ್ಳುತ್ತಿದ್ದೆವಲ್ಲ, ಅಡುಗೆಗೆ ಅದೇ ಅನುಕೂಲ. ಒಲೆ ಯಾವಾಗಲೂ ಒಬ್ಬರಿಗೇ ಸಿಗುತ್ತದೆ.

ಸೋಮ, ಬುಧ, ಶುಕ್ರ ನನ್ನದು. ಮಂಗಳ, ಗುರು, ಶನಿ ನಿನ್ನದು. ಭಾನುವಾರ ಇಬ್ಬರದು. ಅಡುಗೆ ಮಾಡಿದವರು ಪಾತ್ರೆ ತೊಳೆಯುವುದಿಲ್ಲ, ಇನ್ನೊಬ್ಬರು ಮಲಗುವ ಮೊದಲು ತೊಳೆಯಬೇಕು. ಬೆಳಿಗ್ಗೆ ನೋಡೋಣ ಅಂತ ಬಿಡುವ ಹಾಗಿಲ್ಲ. ನಿನಗೆ ರಾತ್ರಿ ಹನ್ನೊಂದಕ್ಕೆ ಪಾತ್ರೆ ಸದ್ದು ಮಾಡಲು ಸಂಕೋಚ ಅಂತ ಗೊತ್ತು. ನಾನು ಮಲಗಿದರೆ ಕಲ್ಲು, ತೊಳೆ. ಕುಕ್ಕರ್ ಮತ್ತು ಬಾಣಲೆ ಮಾತ್ರ ಮಾಡಿದವರೇ ನೀರು ಹಾಕಿ ಇಡಬೇಕು, ಒಣಗಿದ ಮೇಲೆ ತಿಕ್ಕುವವರ ಕೈ ಹೋಗುತ್ತದೆ.

ಮೆನು ಹೀಗೆ ಬರೆದಿದ್ದೇನೆ. ಇದು ಮೊದಲ ವಾರದ್ದು, ನಿನಗೆ ಬೇಡವಾದದ್ದನ್ನು ಹೊಡೆದುಹಾಕು.

ಸೋಮವಾರ: ಬಸ್ಸಾರು, ಮುದ್ದೆ, ಅನ್ನ. ಸೊಪ್ಪು, ಹೆಸರುಕಾಳು ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಹೋಳಿಗೆ ಮಾಡಿದ ದಿನ ನಿಮ್ಮ ಮನೆಯಲ್ಲಿ ಕಡ್ಲೆಬೇಳೆ ಬಸಿದು ಕಟ್ಟಿನ ಸಾರು ಮಾಡುತ್ತಾರಲ್ಲ, ಅದೇ ಲೆಕ್ಕ. ಒಂದೇ ಕುದಿಗೆ ಎರಡು ಅಡುಗೆ. ಬಸ್ಸಾರು ಮಾರನೇ ದಿನ ಇನ್ನೂ ರುಚಿ, ಅದಕ್ಕೇ ಸೋಮವಾರ ಇಟ್ಟೆ, ಮಂಗಳವಾರ ನನಗೆ ಆಫೀಸ್. ನಿನ್ನ ಮುದ್ದೆ ಹಾಟ್‌ಬಾಕ್ಸ್‌ನಲ್ಲಿ ಇಡುತ್ತೇನೆ. ಮತ್ತೆ ಹೇಳುತ್ತಿದ್ದೇನೆ, ಅದನ್ನು ಅಗಿಯಬೇಡ. ಮಂಡ್ಯದವಳ ಎದುರಿಗೆ ಮುದ್ದೆ ಚಪ್ಪರಿಸಿ ಅಗಿಯುವುದು ನೋಡಲು ಆಗುವುದಿಲ್ಲ.

ಮಂಗಳವಾರ: ನಿನ್ನ ಜೋಳದ ರೊಟ್ಟಿ, ಝುಣಕ. ರೊಟ್ಟಿ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಡು, ರಾತ್ರಿ ಎಂಟಕ್ಕೂ ಮೆತ್ತಗಿರುತ್ತದೆ. ಹೋದ ತಿಂಗಳು ತಟ್ಟೆಯಲ್ಲಿ ಹಾಗೇ ಬಿಟ್ಟಿದ್ದೆಯಲ್ಲ, ಅವು ಹಪ್ಪಳ ಆಗಿದ್ದವು. ಇಬ್ಬರಿಗೆ ಆರು ಸಾಕು.

ಬುಧವಾರ: ಹುರುಳಿಕಾಳು ಸಾರು, ಅನ್ನ, ಸೌತೆಕಾಯಿ ಕೋಸಂಬರಿ. ಕಾಳು ಮಂಗಳವಾರ ರಾತ್ರಿ ನೆನೆಹಾಕಬೇಕು. ನಾನು ಮರೆತಿದ್ದರೆ ನೀನು ಬಂದವಳು ಹಾಕಿಬಿಡು, ಒಂದೂವರೆ ಲೋಟ.

ಗುರುವಾರ: ಬೇಳೆ ಸಾರು, ಎಣ್ಣೆಗಾಯಿ. ಬದನೆಕಾಯಿ ಸಣ್ಣದು ಸಿಕ್ಕರೆ ಮಾತ್ರ. ಸಿಗದಿದ್ದರೆ ಮೆಂತ್ಯ ಸೊಪ್ಪಿನ ಪಲ್ಯ.

ಶುಕ್ರವಾರ: ಟೊಮೆಟೊ ಬಾತ್, ಮೊಸರು ಬಜ್ಜಿ. ವಾರದ ಕೊನೆ, ನನ್ನಿಂದ ಅಷ್ಟೇ ಆಗುವುದು. ಉಳಿದ ತರಕಾರಿ ಎಲ್ಲ ಇದರೊಳಗೆ ಹೋಗುತ್ತದೆ, ಅರ್ಧ ಕ್ಯಾರೆಟ್, ಕಾಲು ಎಲೆಕೋಸು, ಏನಿದೆಯೋ ಅದು.

ಶನಿವಾರ ನಿನಗೆ ರಜೆ. ನೀನು ಏನು ಮಾಡಿದರೂ ತಿನ್ನುತ್ತೇನೆ. ನಾನು ಶನಿವಾರ ಮೊಟ್ಟೆ ತಿನ್ನುವುದಿಲ್ಲ, ಅದೊಂದು ನೆನಪಿರಲಿ.

ಭಾನುವಾರ ಬೆಳಿಗ್ಗೆ ದೋಸೆ. ಮಧ್ಯಾಹ್ನ ನಿನಗೆ ಪಲ್ಯ ಚಪಾತಿ, ನನಗೆ ಕೋಳಿ ಸಾರು. ಕೋಳಿಗೆ ನನ್ನದೇ ಬೇರೆ ಪಾತ್ರೆ, ಬೇರೆ ಸೌಟು, ಮಾಡಿದ ಮೇಲೆ ಕಿಟಕಿ ತೆಗೆದು ಎಕ್ಸಾಸ್ಟ್ ಹಾಕಿಡುತ್ತೇನೆ. ಅವತ್ತಿನ ಆ ಪಾತ್ರೆ ನಾನೇ ತೊಳೆಯುತ್ತೇನೆ, ದುಡ್ಡೂ ನನ್ನದೇ. ರಾತ್ರಿ ಖಡಕ್ ರೊಟ್ಟಿ, ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ. ಯಾರಿಗಾದರೂ ಹುಷಾರಿಲ್ಲದಿದ್ದರೆ, ಮೀಟಿಂಗ್ ತಡವಾದರೆ, ವಾರದ ಮಧ್ಯದಲ್ಲೂ ಇದೇ ಊಟ. ಹಾಗಾಗಿ ಖಡಕ್ ರೊಟ್ಟಿ ಮನೆಯಲ್ಲಿ ಯಾವಾಗಲೂ ಇಪ್ಪತ್ತಾದರೂ ಇರಬೇಕು. ನಿಮ್ಮಮ್ಮನಿಂದ ಸುಮ್ನೆ ಪುಕ್ಕಟೆ ತಿನ್ನುವುದು ಸರಿಯಲ್ಲ, ಅವರಿಗೆ ನಮ್ಮ ಸಾಮಾನಿನ ದುಡ್ಡಿನಲ್ಲೇ ಕಳಿಸೋಣ. ಅವರು ಬೇಡ ಅನ್ನುತ್ತಾರೆ, ಆದರೂ ಕಳಿಸೋಣ.

ತಿಂಡಿಗೆ ಪಾಳಿ ಬೇಡ ಅನಿಸುತ್ತದೆ. ಶನಿವಾರ ಮಧ್ಯಾಹ್ನ ನೀನು ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕು. ರಾತ್ರಿ ನಾನು ಒಂದು ಹಿಡಿ ಅವಲಕ್ಕಿ ಸೇರಿಸಿ ರುಬ್ಬುತ್ತೇನೆ. ಭಾನುವಾರ ಸೆಟ್ ದೋಸೆ, ಸೋಮವಾರ ಈರುಳ್ಳಿ ದೋಸೆ, ಮಂಗಳವಾರಕ್ಕೆ ಹಿಟ್ಟು ಹುಳಿಯಾದಾಗ ಪಡ್ಡು. ಅಲ್ಲಿಗೆ ಮೂರು ದಿನ ಕಳೆಯಿತು. ಆಮೇಲೆ ಅವಲಕ್ಕಿ ಒಗ್ಗರಣೆ, ಉಪ್ಪಿಟ್ಟು, ಬ್ರೆಡ್ಡು, ಯಾರು ಮೊದಲು ಏಳುತ್ತಾರೋ ಅವರು ಮಾಡಿ ಇನ್ನೊಬ್ಬರಿಗೆ ಮುಚ್ಚಿಡುವುದು. ಮೊದಲು ಏಳುವುದು ನಾನೇ ಅಂತ ನನಗೂ ಗೊತ್ತು, ನಗಬೇಡ. ಅದರ ಬದಲಿಗೆ ಹಾಲು ಕಾಯಿಸುವುದು, ಮೊಸರಿಗೆ ಹೆಪ್ಪು ಹಾಕುವುದು ನಿನಗೆ.

ಇನ್ನು ದುಡ್ಡು. ಈಗ ಮಾಡುತ್ತಿರುವ ಹಾಗೆ ನೀನು ಒಂದು ಸಲ, ನಾನು ಒಂದು ಸಲ ತರುವುದು ನಿಲ್ಲಲಿ. ನನಗೆ ನಿಜ ಹೇಳಬೇಕೆಂದರೆ, ನಾನೇ ಜಾಸ್ತಿ ತಂದಿದ್ದೇನೆ ಅಂತ ಯಾವಾಗಲೂ ಅನಿಸುತ್ತಿರುತ್ತದೆ, ನಿನಗೂ ಹಾಗೇ ಅನಿಸುತ್ತಿರಬಹುದು, ಇಬ್ಬರೂ ಬಾಯಿ ಬಿಡುವುದಿಲ್ಲ, ಅಷ್ಟರಲ್ಲಿ ಬೇಳೆ ಮುಗಿದಿರುತ್ತದೆ. ತಿಂಗಳ ಒಂದನೇ ತಾರೀಖು ಇಬ್ಬರೂ ತಲಾ 3,500 ಹಾಕೋಣ. ಒಟ್ಟು 7,000. ದಿನಸಿಗೆ 3,200, ತರಕಾರಿಗೆ ವಾರಕ್ಕೆ 450ರಂತೆ ನಾಲ್ಕು ವಾರಕ್ಕೆ 1,800, ಹಾಲು ಮೊಟ್ಟೆಗೆ 1,400, ಉಳಿದ 600 ಗ್ಯಾಸಿಗೆ. 14.2 ಕೆಜಿ ಸಿಲಿಂಡರ್ ಈಗ ನಮಗೆ ಎರಡು ತಿಂಗಳ ಮೇಲೆ ಬರುತ್ತಿದೆ, ದಿನಾ ಅಡುಗೆ ಶುರುವಾದರೆ ಬೇಗ ಮುಗಿಯಬಹುದು, ಅದಕ್ಕೆ ಸ್ವಲ್ಪ ಜಾಸ್ತಿಯೇ ಇಟ್ಟಿದ್ದೇನೆ. ಮಿಕ್ಕಿದರೆ ಮುಂದಿನ ತಿಂಗಳಿಗೆ.

ದಿನಸಿ ಪಟ್ಟಿ ಒಂದು ತಿಂಗಳಿಗೆ: ಸೋನಾ ಮಸೂರಿ 6 ಕೆಜಿ, ದೋಸೆ ಅಕ್ಕಿ 3, ತೊಗರಿಬೇಳೆ 2, ಉದ್ದಿನಬೇಳೆ 1, ರಾಗಿಹಿಟ್ಟು 2, ಜೋಳದ ಹಿಟ್ಟು 2, ಎಣ್ಣೆ 2 ಲೀಟರ್. ಹುರುಳಿಕಾಳು, ಹೆಸರುಕಾಳು, ಅವಲಕ್ಕಿ, ರವೆ, ಸಕ್ಕರೆ, ಶೇಂಗಾ ಎಲ್ಲ ಒಂದೊಂದು ಕೆಜಿ. ಸಾರಿನ ಪುಡಿ ನಮ್ಮ ಅಮ್ಮ ಕೊಡುತ್ತಾರೆ. ಜೋಳದ ಹಿಟ್ಟು ಮಾತ್ರ ಒಂದೇ ಸಲ ತರಬಾರದು ಅಂತ ನೀನೇ ಹೇಳಿದ್ದೆ, ಹಳೆಯದಾದರೆ ರೊಟ್ಟಿ ಬಿರಿಯುತ್ತದೆ ಅಂತ. ಹಾಗಾದರೆ ಹದಿನೈದು ದಿನಕ್ಕೊಂದು ಕೆಜಿ ಬೀಸಿಸಿಕೊಂಡು ಬಾ.

ನಿನ್ನ ಫಿಲ್ಟರ್ ಕಾಫಿಪುಡಿ, ನನ್ನ ಕೋಳಿ, ಚಾಕಲೇಟು, ಓಟ್ಸು, ಇವೆಲ್ಲ ಅವರವರ ಖರ್ಚು. ಫ್ರಿಜ್‌ನ ಮೇಲಿನ ಶೆಲ್ಫ್ ಎಡಗಡೆ ನಿನಗೆ, ಬಲಗಡೆ ನನಗೆ, ಅಲ್ಲಿರುವುದನ್ನು ಕೇಳದೆ ಮುಟ್ಟುವ ಹಾಗಿಲ್ಲ. ಚಟ್ನಿಪುಡಿ ಅಲ್ಲೇ ಇಡು, ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಯಾರಾದರೂ ಐದು ದಿನಕ್ಕಿಂತ ಜಾಸ್ತಿ ಊರಿಗೆ ಹೋದರೆ ತರಕಾರಿ, ಹಾಲಿನ ಪಾಲು ಅಷ್ಟು ದಿನದ್ದು ಕಳೆಯೋಣ. ದಿನಸಿ, ಗ್ಯಾಸ್ ಕಳೆಯುವುದು ಬೇಡ, ಅಷ್ಟು ಲೆಕ್ಕ ಇಟ್ಟರೆ ತಲೆ ಕೆಡುತ್ತದೆ. ಸ್ನೇಹಿತರು ಬಂದು ಒಂದು ಹೊತ್ತು ಉಂಡರೆ ಲೆಕ್ಕವಿಲ್ಲ. ನಿನ್ನ ತಮ್ಮ ಕೋಚಿಂಗ್‌ಗೆ ಬಂದು ಹದಿನೈದು ದಿನ ಇದ್ದರೆ ಮಾತ್ರ ಏನಾದರೂ ಸೇರಿಸು.

ಬಿಲ್ಲಿನ ಫೋಟೊ ನಮ್ಮಿಬ್ಬರ ಗ್ರೂಪಿಗೆ ಹಾಕಿದರೆ ಸಾಕು. ಮುಗಿದ ಸಾಮಾನನ್ನು ಫ್ರಿಜ್ ಬಾಗಿಲಿನ ಚೀಟಿಯಲ್ಲಿ ಬರೆಯುವುದು. ಮುಗಿದ ಮೇಲೆ ಅಲ್ಲ, ಡಬ್ಬಿ ಕಾಲುಭಾಗಕ್ಕೆ ಬಂದಾಗ. ಈ ತಿಂಗಳ ದುಡ್ಡು ನಾನು ನೋಡಿಕೊಳ್ಳುತ್ತೇನೆ, ಮುಂದಿನ ತಿಂಗಳು ನೀನು. ಹೊರಗಿನ ಊಟ ಪೂರ್ತಿ ಬಂದ್ ಅಂತ ನಾನು ಹೇಳುತ್ತಿಲ್ಲ. ವಾರಕ್ಕೊಂದು ಸಲ ಆಗಲಿ, ಆದರೆ ಮನೆಯಲ್ಲಿ ಅಡುಗೆ ಆಗಿದೆ ಅಂತ ಗೊತ್ತಿದ್ದೂ ತರಿಸುವುದು ಬೇಡ. ಹೊರಗೆ ಊಟ ಮಾಡಿ ಬರುವುದಿದ್ದರೆ ಸಂಜೆ ಆರರೊಳಗೆ ಒಂದು ಮೆಸೇಜ್ ಹಾಕು. ನಾನೂ ನಿನ್ನ ಪಾಳಿಯ ದಿನ ಬೆಳಿಗ್ಗೆ ಹತ್ತರೊಳಗೆ ಹೇಳುತ್ತೇನೆ.

ಪಾಳಿ ಬದಲಾಯಿಸಿಕೊಳ್ಳಬಹುದು. ಬಿಟ್ಟುಬಿಡುವ ಹಾಗಿಲ್ಲ. ನಿನ್ನ ಗುರುವಾರ ಆಗದಿದ್ದರೆ ನನ್ನ ಶುಕ್ರವಾರ ತೆಗೆದುಕೋ, ಅಷ್ಟೇ.

ಒಂದು ತಿಂಗಳು ನೋಡೋಣ, ಸರಿಹೋಗದಿದ್ದರೆ ಬದಲಿಸೋಣ. ಡಿಸೆಂಬರ್‌ಗೆ ಅವರೆಕಾಯಿ ಬಂದ ಮೇಲಂತೂ ಮೆನು ಹೇಗೂ ತಲೆಕೆಳಗಾಗುತ್ತದೆ. ಹಿದುಕಿದ ಬೇಳೆ ಸಾರು ಬೇಕಾದರೆ ಇಬ್ಬರೂ ಕೂತು ಹಿದುಕಬೇಕು, ಅದಕ್ಕೆ ಈಗಲೇ ಹೇಳಿದ್ದೇನೆ, ಆಮೇಲೆ ಶಿಫ್ಟ್ ಅನ್ನಬೇಡ.

ಒಪ್ಪಿಗೆ ಇದ್ದರೆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವಿಜಯನಗರ ಮಾರ್ಕೆಟ್‌ಗೆ ಹೋಗೋಣ. ಸೊಪ್ಪು ನೀನು ಆರಿಸು, ನನಗೆ ಬರುವುದಿಲ್ಲ. ದೊಡ್ಡ ಚೀಲ ನನ್ನ ರೂಮಿನ ಬಾಗಿಲ ಹಿಂದೆ ಇದೆ. ಮತ್ತೆ ಇವತ್ತು ರಾತ್ರಿಗೆ ಚಿತ್ರಾನ್ನ ಮಾಡಿಟ್ಟಿದ್ದೇನೆ, ಒಲೆ ಮೇಲೆ ಸ್ಟೀಲ್ ಡಬ್ಬಿಯಲ್ಲಿದೆ. ಪಾತ್ರೆ ನಿನ್ನದು.